ಫ್ರಿಜ್ಜಿನ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಮೊದಲು ಫಿಲ್ಟರ್ ಕೊಳ್ಳಬೇಡಿ

ಪೈಪ್ ಕನೆಕ್ಷನ್ ಕೊಟ್ಟು, ಬಾಗಿಲಲ್ಲೇ ಲೋಟ ಹಿಡಿದು ನೀರು ತುಂಬಿಕೊಳ್ಳುವ ಫ್ರಿಜ್ಜು ಮನೆಯಲ್ಲಿರುವವರಿಗಾಗಿ ಈ ಬರಹ. ಒಳಗಿನ ಡಬ್ಬಿಗೆ ಕೈಯಲ್ಲಿ ನೀರು ತುಂಬುವ ಫ್ರಿಜ್ಜಿಗೆ ಇದು ಅನ್ವಯಿಸುವುದಿಲ್ಲ. ಚಿಕ್ಕಮಗಳೂರಿನ ಒಂದು ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ಎರಡು ಫಿಲ್ಟರ್, ಒಂದು ವಾಲ್ವ್ ಮತ್ತು ಅಡುಗೆಮನೆಯ ಒಂದು ಪ್ಲೈವುಡ್ ಕಪಾಟು ಸುಮ್ಮನೆ ಹಾಳಾದವು. ತೊಂದರೆಯ ಮೂಲ ಫ್ರಿಜ್ಜಿನ ಒಳಗೆ ಇರಲೇ ಇಲ್ಲ. ಇದೇ ತಪ್ಪು ಹಾಸನದ ಮನೆಗಳಲ್ಲೂ ಆಗುತ್ತಿರುವುದರಿಂದ ವಿವರವಾಗಿ ಬರೆಯಬೇಕಾಯಿತು.

ಮನೆಯ ಅಡುಗೆಮನೆ ಮೊದಲ ಮಹಡಿಯಲ್ಲಿದೆ. ಅದರ ಮೇಲೆ ತಾರಸಿ, ತಾರಸಿಯಲ್ಲಿ ನೀರಿನ ಟ್ಯಾಂಕ್. ಫ್ರಿಜ್ಜು ಬಂದ ದಿನದಿಂದಲೂ 200 ಮಿಲಿ ಲೋಟ ತುಂಬಲು 40 ಸೆಕೆಂಡ್ ಬೇಕಾಗುತ್ತಿತ್ತು. ಹೊಸದು, ಹೀಗೇ ಇರಬಹುದು ಎಂದು ಮನೆಯವರು ಸುಮ್ಮನಿದ್ದರು. ಜುಲೈ ಹೊತ್ತಿಗೆ ಅದು 70 ಸೆಕೆಂಡಿಗೆ ಏರಿತು. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕ ಫಿಲ್ಟರ್ ತಂದು ಹಾಕಿದರು. ನೀರಿಗೆ ಪ್ಲಾಸ್ಟಿಕ್ಕಿನ ರುಚಿ ಬಂತು, ಫಿಲ್ಟರಿನ ಬುಡದಲ್ಲಿ ಹನಿ ಕಟ್ಟಿತು, ವೇಗ ಮಾತ್ರ ಮತ್ತೆ ಹಳೆಯ 40 ಸೆಕೆಂಡಿಗೆ ಬಂದು ನಿಂತಿತು. ಅದನ್ನು ತೆಗೆದು ಕಂಪನಿಯ ಅಸಲಿ ಫಿಲ್ಟರ್ ಹಾಕಿದರೂ ಅದೇ 40 ಸೆಕೆಂಡ್. ಅಷ್ಟರಲ್ಲಿ ಲೋಟ ತೆಗೆದ ಮೇಲೂ ಬಾಗಿಲಿನ ಮೂತಿಯಿಂದ ನೀರು ತೊಟ್ಟಿಕ್ಕಲು ಶುರುವಾಗಿತ್ತು. ರಿಪೇರಿಗೆ ಬಂದ ಹುಡುಗನನ್ನು ಮನೆಯಾಕೆ, "ಏನಪ್ಪಾ, ಹೊಸ ಫಿಲ್ಟರ್ ಹಾಕಿದ್ಮೇಲೂ ಹಿಂಗೇ ಆಗ್ತದಲ್ಲ?" ಎಂದು ಕೇಳಿದರು. "ವಾಲ್ವ್ ಹೋಗಿದೆ ಅಮ್ಮ, ಬದಲಾಯಿಸ್ಬೇಕು" ಎಂದವನು ಹೊಸ ವಾಲ್ವ್ ಹಾಕಿ ಹೋದ. ನಾಲ್ಕನೇ ದಿನಕ್ಕೆ ಹೊಸ ವಾಲ್ವೂ ತೊಟ್ಟಿಕ್ಕಿತು.

ಆ ಹುಡುಗ ಸುಳ್ಳು ಹೇಳಿರಲಿಲ್ಲ, ಆದರೆ ಅಳತೆ ಮಾಡಿರಲಿಲ್ಲ. ಫ್ರಿಜ್ಜಿನ ಜೊತೆ ಬರುವ ಪುಸ್ತಕದಲ್ಲಿ ನೀರಿನ ಒತ್ತಡ ಇಷ್ಟಿರಬೇಕು ಎಂದು ಬರೆದಿರುತ್ತಾರೆ. ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಬದಲಾದರೂ ಹೆಚ್ಚಿನವುಗಳಲ್ಲಿ ಕನಿಷ್ಠ ಅಂಕಿ 20 ಪಿ.ಎಸ್.ಐ. ಆಸುಪಾಸು ಅಥವಾ ಅದಕ್ಕಿಂತ ಮೇಲೆ. ಟ್ಯಾಂಕಿನಿಂದ ಇಳಿಯುವ ನೀರು 10 ಅಡಿ ಎತ್ತರಕ್ಕೆ ಕೊಡುವ ಒತ್ತಡ ಸುಮಾರು 4.3 ಪಿ.ಎಸ್.ಐ. ಮಾತ್ರ. ಈ ಮನೆಯಲ್ಲಿ ಟ್ಯಾಂಕಿನ ನೀರಿನ ಮಟ್ಟಕ್ಕೂ ಫ್ರಿಜ್ಜಿನ ಹಿಂದಿನ ಜೋಡಣೆಗೂ ಇದ್ದ ಅಂತರ 12 ಅಡಿ, ಅಂದರೆ ಐದು ಪಿ.ಎಸ್.ಐ. ಚಿಲ್ಲರೆ. ಬರೀ ಟ್ಯಾಂಕಿನ ಎತ್ತರದಿಂದಲೇ 20 ತಲುಪಬೇಕಾದರೆ 46 ಅಡಿ ಬೇಕು. ನಮ್ಮ ಊರುಗಳ ಒಂದು ಮಹಡಿ, ಎರಡು ಮಹಡಿ ಮನೆಗಳಲ್ಲಿ ಅದು ಆಗದ ಮಾತು. ಸಿಂಕಿನ ನಲ್ಲಿಯಲ್ಲಿ ನೀರು ದಪ್ಪಗೆ ಬರುತ್ತದಲ್ಲ ಎಂದು ಮನೆಯವರು ಕೇಳಿದರು. ಸಿಂಕಿಗೆ ಬರುವುದು ಅರ್ಧ ಇಂಚಿನ ಪೈಪು. ಫ್ರಿಜ್ಜಿಗೆ ಹೋಗುವುದು ಕಾಲು ಇಂಚಿನ ಬಿಳಿ ಪೈಪು, ಆರ್.ಓ.ಗೆ ಹಾಕುತ್ತಾರಲ್ಲ ಅದೇ. ಅದರ ಒಳಗಿನ ದಾರಿ ನಾಲ್ಕು ಮಿಲಿಮೀಟರ್ ಚಿಲ್ಲರೆ ಅಷ್ಟೇ.

ಒತ್ತಡ ಕಡಿಮೆಯಾದರೆ ನೀರು ನಿಧಾನ ಬರುತ್ತದೆ ಎಂಬುದು ಯಾರಿಗಾದರೂ ಹೊಳೆಯುತ್ತದೆ. ತೊಟ್ಟಿಕ್ಕುವುದಕ್ಕೂ ಅದೇ ಕಾರಣ ಎಂಬುದು ಹೊಳೆಯುವುದಿಲ್ಲ. ಹಣ ಪೋಲಾಗುವುದು ಇಲ್ಲಿಯೇ. ಫ್ರಿಜ್ಜಿನ ಹಿಂದೆ ಕೆಳಗಡೆ ಇರುವ ಇನ್‌ಲೆಟ್ ವಾಲ್ವಿನೊಳಗೆ ಒಂದು ರಬ್ಬರ್ ಪದರವಿದೆ. ಲೋಟ ತೆಗೆದು ವಾಲ್ವಿಗೆ ಹೋಗುವ ಕರೆಂಟು ನಿಂತಾಗ ಸಣ್ಣ ಸ್ಪ್ರಿಂಗು ಒಂದು ಕಿರುರಂಧ್ರವನ್ನು ಮುಚ್ಚುತ್ತದೆ. ಆಮೇಲೆ ಹಿಂದಿನಿಂದ ಬರುವ ನೀರಿನ ಒತ್ತಡವೇ ಆ ರಬ್ಬರನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಬೇಕು. ಒತ್ತಡ ಸಾಲದಿದ್ದರೆ ರಬ್ಬರು ಪೂರ್ತಿ ಕೂರುವುದಿಲ್ಲ, ಹನಿಹನಿಯಾಗಿ ನೀರು ದಾಟುತ್ತದೆ. ಅದಕ್ಕೇ ಎಷ್ಟು ಹೊಸ ವಾಲ್ವ್ ಹಾಕಿದರೂ ಇಲ್ಲಿ ಪ್ರಯೋಜನವಿರಲಿಲ್ಲ.

ನಿಮ್ಮ ಮನೆಯಲ್ಲಿ ಯಾವುದು ಕಾರಣ ಎಂದು ತಿಳಿಯಲು ಒಂದು ಬಕೆಟ್, ಒಂದು ಲೀಟರ್ ಬಾಟಲಿ, ಮೊಬೈಲ್ ಗಡಿಯಾರ ಸಾಕು. ಮೊದಲು ಫ್ರಿಜ್ಜಿನ ಪ್ಲಗ್ ಕೀಳಿ. ಬಿಳಿ ಪೈಪಿಗೆ ನೀರು ಬಿಡುವ ಪುಟ್ಟ ವಾಲ್ವನ್ನು ಮುಚ್ಚಿ. ಅದು ಸಾಮಾನ್ಯವಾಗಿ ಸಿಂಕಿನ ಕೆಳಗಿರುತ್ತದೆ. ಫ್ರಿಜ್ಜನ್ನು ಮುಂದಕ್ಕೆಳೆದು, ಹಿಂದಿನ ಜೋಡಣೆಯಲ್ಲಿ ಪೈಪಿನ ಸುತ್ತ ಇರುವ ಉಂಗುರವನ್ನು ಒಳಕ್ಕೆ ಒತ್ತಿ ಹಿಡಿದು ಪೈಪನ್ನು ಹೊರಗೆಳೆಯಿರಿ. ತಿರುಪಿನ ನಟ್ಟಿದ್ದರೆ ಬಿಚ್ಚಬೇಕು. ಪೈಪಿನ ತುದಿಯನ್ನು ಬಕೆಟ್ಟಿನಲ್ಲಿಟ್ಟ ಬಾಟಲಿಗೆ ಬಿಟ್ಟು ವಾಲ್ವ್ ತೆರೆಯಿರಿ. ಒಂದು ಲೀಟರ್ ತುಂಬಲು 40 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ತೊಂದರೆ ಫ್ರಿಜ್ಜಿಗೆ ಬರುವ ಮೊದಲೇ ಇದೆ ಎಂದು ನಾವು ಲೆಕ್ಕ ಹಿಡಿಯುತ್ತೇವೆ. ಈ ಮನೆಯಲ್ಲಿ 80 ಸೆಕೆಂಡ್ ಹಿಡಿಯಿತು. ಫಿಲ್ಟರ್, ಫ್ರಿಜ್ಜು ಯಾವುದೂ ದಾರಿಯಲ್ಲಿ ಇಲ್ಲದಾಗಲೇ ಅಷ್ಟು. ಫ್ರಿಜ್ಜು ಕೊಂಡ ದಿನ ಈ ಒಂದು ಅಳತೆ ಮಾಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಬಾಟಲಿ ಬೇಗ ತುಂಬಿದರೆ ಆಗ ಫಿಲ್ಟರಿನ ಸರದಿ. ಕೆಲವು ಫ್ರಿಜ್ಜುಗಳ ಜೊತೆ ಫಿಲ್ಟರ್ ಬದಲು ಹಾಕುವ ಒಂದು ಬಿರಡೆ ಕೊಟ್ಟಿರುತ್ತಾರೆ. ಇನ್ನು ಕೆಲವು ಫಿಲ್ಟರ್ ಇಲ್ಲದೆಯೂ ನೀರು ಬಿಡುತ್ತವೆ, ಪುಸ್ತಕ ನೋಡಿ. ಒಂದೆರಡು ಲೋಟದ ಮಟ್ಟಿಗೆ ಹಾಗೆ ನೋಡಿ, ಹಳೆಯ ಫಿಲ್ಟರಿನೊಂದಿಗೆ ಹೋಲಿಸಿ. ಮಳೆಗಾಲದಲ್ಲಿ ಈ ಮನೆಯಲ್ಲಿ ಫಿಲ್ಟರ್ ಇದ್ದಾಗ 70 ಸೆಕೆಂಡ್, ತೆಗೆದಾಗ 34. ಅಂದರೆ ಆ ಫಿಲ್ಟರ್ ಕಟ್ಟಿಕೊಂಡಿದ್ದು ನಿಜ. ಮಳೆ ಜೋರಾದಾಗ ನೀರಿನಲ್ಲಿ ಬರುವ ನುಣ್ಣನೆ ಮಣ್ಣು ಒತ್ತಿ ಮಾಡಿದ ಇದ್ದಿಲಿನ ಫಿಲ್ಟರನ್ನು ವಾರಗಳಲ್ಲೇ ಮುಚ್ಚಿಬಿಡುತ್ತದೆ. ಆರು ತಿಂಗಳು ಎಂದು ಬರೆದಿರುವುದು ಶುದ್ಧ ನೀರಿಗೆ. ಆದರೆ ಫಿಲ್ಟರ್ ತೆಗೆದಾಗಲೂ 34 ಸೆಕೆಂಡ್ ಇರುವುದನ್ನು ಯಾರೂ ಗಮನಿಸಲಿಲ್ಲ. ಒಳ್ಳೆಯ ಒತ್ತಡದಲ್ಲಿ ಆ ಲೋಟ 10ರಿಂದ 12 ಸೆಕೆಂಡಿನಲ್ಲಿ ತುಂಬಬೇಕು.

ಪೈಪು ಬಿಚ್ಚಿರುವಾಗಲೇ ಫ್ರಿಜ್ಜಿನ ಹಿಂದಿನ ವಾಲ್ವಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲೊಂದು ಸಣ್ಣ ಜಾಲರಿ ಇರುತ್ತದೆ. ಮರಳು ಕೂತಿದ್ದರೆ ಹೊರಗೆ ತೆಗೆಯಲು ಬರುವ ಜಾಲರಿಯನ್ನು ಮಾತ್ರ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಕಟ್ಟಿದ್ದರೆ ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ. ಪಿನ್ನು, ಸೂಜಿ ಚುಚ್ಚಬೇಡಿ. ಜಾಲರಿ ಹರಿದರೆ ಮರಳು ನೇರವಾಗಿ ಆ ರಬ್ಬರಿನ ಕೆಳಗೆ ಹೋಗಿ ಕೂರುತ್ತದೆ.

ಇನ್ನು ಕಪಾಟು ಹಾಳಾದ ಕಥೆ. ಪೈಪನ್ನು ಈಳಿಗೆಮಣೆಯಲ್ಲಿ ಕೊಯ್ದಂತೆ ಓರೆಯಾಗಿ ಕತ್ತರಿಸಿದ್ದರು. ಒತ್ತಿ ಕೂರಿಸುವ ಜೋಡಣೆಯೊಳಗೆ ಓ-ರಿಂಗ್ ಎಂಬ ರಬ್ಬರ್ ಬಳೆ ಇರುತ್ತದೆ, ಪೈಪಿನ ತುದಿ ಅದನ್ನು ದಾಟಿ ತಳ ಮುಟ್ಟಬೇಕು. ಓರೆ ತುದಿಯ ಒಂದು ಬದಿ ಮಾತ್ರ ಮುಟ್ಟಿತ್ತು. ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸಿದಾಗ ಪೈಪು ಮಡಚಿಕೊಂಡು ಜೋಡಣೆಯನ್ನು ಪಕ್ಕಕ್ಕೆಳೆಯಿತು. ಕೈಗೆ ತಾಗದಷ್ಟು ಸಣ್ಣ ಹನಿ, ಆದರೆ ಹಗಲೂ ರಾತ್ರಿ. ಪಕ್ಕದ ಪ್ಲೈವುಡ್ಡಿನ ಬುಡ ಉಬ್ಬಿ ಲ್ಯಾಮಿನೇಟು ಎದ್ದಾಗಲೇ ಗೊತ್ತಾಗಿದ್ದು. ಚೂಪು ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ತುದಿಯಿಂದ 15 ಮಿಲಿಮೀಟರ್‌ಗೆ ಪೆನ್ನಿನಲ್ಲಿ ಗುರುತು ಮಾಡಿ, ಗುರುತು ಒಳಗೆ ಹೋಗುವವರೆಗೂ ತಳ್ಳಿ, ಒಮ್ಮೆ ಹಿಂದಕ್ಕೆ ಜಗ್ಗಿ ನೋಡಿ, ಲಾಕ್ ಕ್ಲಿಪ್ ಹಾಕಿ. ಗೋಡೆಗೂ ಫ್ರಿಜ್ಜಿಗೂ ನಡುವೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ಪೈಪನ್ನು ದೊಡ್ಡ ಸುರುಳಿಯಾಗಿ ಬಿಡಿ. ಪ್ರತಿ ಜೋಡಣೆಗೂ ಟಿಶ್ಯೂ ಸುತ್ತಿ ರಾತ್ರಿ ಬಿಟ್ಟರೆ ಬೆಳಗ್ಗೆ ಯಾವುದು ಒದ್ದೆ ಎಂದು ತಾನೇ ತೋರಿಸುತ್ತದೆ.

ಅಗ್ಗದ ಫಿಲ್ಟರಿನ ಬುಡದಲ್ಲಿ ಸೋರಿದ್ದಕ್ಕೆ ಕಾರಣ ಅದರ ಓ-ರಿಂಗ್ ಅಳತೆಗೆ ಕೂರದೇ ಇದ್ದದ್ದು. ಅಸಲಿ ಫಿಲ್ಟರಿನಲ್ಲೂ ಒಂದು ಜಾಗ್ರತೆ ಬೇಕು. ಹಳೆಯದನ್ನು ಕೀಳುವಾಗ ಅದರ ಓ-ರಿಂಗ್ ಫ್ರಿಜ್ಜಿನಲ್ಲೇ ಅಂಟಿ ಉಳಿದರೆ ಹೊಸದು ಅದರ ಮೇಲೆ ಕೂತು ಸೋರುತ್ತದೆ. ಕೈಯಲ್ಲಿರುವ ಹಳೆಯ ಫಿಲ್ಟರಿಗೆ ರಿಂಗ್ ಇದೆಯೇ ಎಂದು ನೋಡಿಕೊಂಡು ಎಸೆಯಿರಿ.

ರುಚಿಯ ವಿಷಯ ಸುಲಭ. ಹೊಸ ಫಿಲ್ಟರ್ ಹಾಕಿದ ಮೇಲೆ 10ರಿಂದ 12 ಲೀಟರ್ ನೀರು ಬಿಟ್ಟು ಗಿಡಕ್ಕೆ ಹಾಕಬೇಕು, ಇಲ್ಲದಿದ್ದರೆ ಇದ್ದಿಲ ಪುಡಿಯ ಬೂದು ನೀರು ಬರುತ್ತದೆ. ಈ ಮನೆಯಲ್ಲಿ ಒಂದು ಲೋಟವನ್ನೂ ಚೆಲ್ಲಿರಲಿಲ್ಲ. ಒಂದೇ ಸಲಕ್ಕೆ ಬಿಡದೆ ಎರಡು ನಿಮಿಷ ಬಿಟ್ಟು ಒಂದು ನಿಮಿಷ ನಿಲ್ಲಿಸುತ್ತಾ ಹೋದರೆ ಸಿಕ್ಕಿಕೊಂಡ ಗಾಳಿಯೂ ಹೊರಡುತ್ತದೆ. ಗಾಳಿ ಉಳಿದಿದ್ದರೆ ಲೋಟ ತೆಗೆದ ಮೇಲೆ ಐದಾರು ಹನಿ ಬಿದ್ದು ನಿಲ್ಲುತ್ತದೆ, ಅದಕ್ಕೆ ಹೆದರಬೇಕಿಲ್ಲ. ನಿಲ್ಲದೆ ಬಿದ್ದರೆ ಪ್ಲಗ್ ಕಿತ್ತು ಹತ್ತು ನಿಮಿಷ ನೋಡಿ. ಕರೆಂಟಿಲ್ಲದೆಯೂ ಬೀಳುತ್ತಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂದೇ ಅರ್ಥ, ಆಗ ಒತ್ತಡ ಅಳೆಯದೆ ವಾಲ್ವ್ ಬದಲಿಸಬೇಡಿ. ಬೋರ್‌ವೆಲ್ ನೀರಿನ ಕಬ್ಬಿಣದ ಅಥವಾ ಉಪ್ಪಿನ ರುಚಿಯನ್ನು ಫ್ರಿಜ್ಜಿನ ಇದ್ದಿಲು ಫಿಲ್ಟರ್ ತೆಗೆಯುವುದಿಲ್ಲ. ಅದು ತೆಗೆಯುವುದು ಮುಖ್ಯವಾಗಿ ಕ್ಲೋರಿನ್ ರುಚಿ, ವಾಸನೆ.

ಕೊನೆಗೆ ಈ ಮನೆಯಲ್ಲಿ ಮಾಡಿದ್ದು ಎರಡೇ ಕೆಲಸ. ಟ್ಯಾಂಕಿನಿಂದ ಬರುವ ಪೈಪಿಗೆ 5 ಮೈಕ್ರಾನ್‌ನ ಮಣ್ಣು ತಡೆಯುವ ಬಿಳಿ ಸೆಡಿಮೆಂಟ್ ಫಿಲ್ಟರ್, ಅದರ ನಂತರ ನಿಮಿಷಕ್ಕೆ ಮೂರರಿಂದ ನಾಲ್ಕು ಲೀಟರ್ ತಳ್ಳುವ ಸಣ್ಣ ಡಯಾಫ್ರಂ ಪಂಪು. ಒತ್ತಡ ತಲುಪಿದೊಡನೆ ತಾನೇ ನಿಲ್ಲುವ ಪ್ರೆಷರ್ ಸ್ವಿಚ್ ಪಂಪಿಗೆ ಇರಲೇಬೇಕು. ಇಲ್ಲದಿದ್ದರೆ ಯಾರೂ ನೀರು ಹಿಡಿಯದಾಗಲೂ ಒತ್ತಡ ಏರಿ ಬಿಳಿ ಪೈಪು ಕಿತ್ತುಕೊಳ್ಳುತ್ತದೆ. ಸ್ವಿಚ್ ನಿಲ್ಲಿಸುವ ಅಂಕಿ ಪುಸ್ತಕದಲ್ಲಿರುವ ಗರಿಷ್ಠಕ್ಕಿಂತ ಕೆಳಗಿದೆಯೇ ನೋಡಿಕೊಳ್ಳಿ. ನಗರಸಭೆಯ ನಲ್ಲಿ ಲೈನಿಗೆ ಪಂಪನ್ನು ನೇರವಾಗಿ ಕೂರಿಸಬೇಡಿ, ಪೈಪು ಖಾಲಿಯಿದ್ದಾಗ ಚರಂಡಿ ನೀರನ್ನೂ ಎಳೆದುಕೊಳ್ಳುವ ಅಪಾಯವಿದೆ. ಟ್ಯಾಂಕಿನಿಂದಲೇ ಕೊಡಿ. ಪಂಪು ಕೂರಿಸಿದ ದಿನ ಲೋಟ ತುಂಬಲು 12 ಸೆಕೆಂಡ್ ಸಾಕಾಯಿತು. ಬದಲಿಸಿದ್ದ ವಾಲ್ವಿನ ತೊಟ್ಟಿಕ್ಕುವಿಕೆ ಅಂದೇ ನಿಂತಿತು. ಮನೆಯವರು ಇನ್ನೂ ಇಟ್ಟುಕೊಂಡಿದ್ದ ಹಳೆಯ ವಾಲ್ವನ್ನು ಜೋಡಿಸಿ ನೋಡಿದೆವು. ಅದರಿಂದಲೂ ಒಂದು ಹನಿ ಬೀಳಲಿಲ್ಲ.