ಎರಡು ವರ್ಷ ದುಡಿಸಿದ ಹಳೆಯ ಆರ್‌ಟಿಎಕ್ಸ್ 3080: ಕೊಳ್ಳುವ ಮುನ್ನ ನೋಡಿದ್ದು, ಕೊಂಡ ಮೇಲೆ ಕಂಡದ್ದು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮೇಲ್ಮಹಡಿಯಲ್ಲಿ ಕುಳಿತು ನಾನು ಮದುವೆ ವಿಡಿಯೋಗಳ ಎಡಿಟಿಂಗ್ ಮಾಡುತ್ತೇನೆ. ಹತ್ತು ಜಿಬಿ ಮೆಮೊರಿಯ ಈ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡನ್ನು ಮಂಡ್ಯದ ಒಬ್ಬರಿಂದ 26,500 ರೂಪಾಯಿಗೆ ಕೊಂಡು ಎರಡು ವರ್ಷ ದಾಟಿದೆ. ದಿನಕ್ಕೆ ಐದಾರು ಗಂಟೆ ಎಡಿಟಿಂಗ್, ರಾತ್ರಿ ಮಗನ ಆಟ, ಮದುವೆಯ ಸೀಸನ್ನಿನಲ್ಲಿ ಬೆಳಗಾಗುವವರೆಗೂ ರೆಂಡರಿಂಗ್, ಇಷ್ಟು ಇದರ ಕೆಲಸ. ಇದು ಕ್ರಿಪ್ಟೋ ನಾಣ್ಯ ಗಳಿಸಲು ಬಿಡುವಿಲ್ಲದೆ ಓಡಿಸಿದ, ಅಂದರೆ ಮೈನಿಂಗ್ ಮಾಡಿದ ಕಾರ್ಡೆಂದು ಗೊತ್ತಿದ್ದೇ ಕೊಂಡೆ. ಅದಕ್ಕೂ ಮೊದಲು ಮೈಸೂರಿನಲ್ಲೇ ‘ಒಂದು ದಿನವೂ ಮೈನಿಂಗ್ ಮಾಡಿಲ್ಲ’ ಎಂಬ ಮಾತು ನಂಬಿ ಕೊಂಡಿದ್ದ ಇನ್ನೊಂದು 3080 ಹತ್ತೊಂಬತ್ತೇ ದಿನಕ್ಕೆ ಸತ್ತಿತ್ತು. ಆದ್ದರಿಂದ ಸತ್ತ ಕಾರ್ಡಿನ ಕಥೆಯನ್ನು ಮೊದಲು ಹೇಳಬೇಕು.

ಆ ಕಾರ್ಡು ನೋಡಲು ಹೊಸದರಂತಿತ್ತು. ಮಾರುವವರ ಮನೆಯಲ್ಲಿ ಹದಿನೈದು ನಿಮಿಷ ಒಂದು ಆಟ ಓಡಿಸಿ ತೋರಿಸಿದರು, ನಾನು ಹಣ ಎಣಿಸಿ ಕೊಟ್ಟು ಬಂದೆ. ಎರಡು ವಾರ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಪರದೆಯ ತುಂಬ ರಂಗೋಲಿಯ ಚುಕ್ಕಿಗಳಂತೆ ಸಣ್ಣ ಚೌಕಗಳು ಮೂಡಿದವು, ಸಂಜೆಯ ಹೊತ್ತಿಗೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ Code 43 ಬಂದು ಕಾರ್ಡು ನಿಂತೇಹೋಯಿತು. ರಿಪೇರಿಯವರು ಹೀಟ್‌ಸಿಂಕ್ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು: ಒಂದು ಮೆಮೊರಿ ಚಿಪ್ಪಿನ ಅಂಚಿನಲ್ಲಿ ಬೆಲ್ಲದ ಪಾಕ ಒಣಗಿದಂತೆ ಬೆಸುಗೆಗೆ ಹಚ್ಚುವ ಕಂದು ಬಣ್ಣದ ಫ್ಲಕ್ಸ್ ಅಂಟಿಕೊಂಡಿತ್ತು, ಅದರ ಸುತ್ತಲಿನ ಬೋರ್ಡು ಉಳಿದ ಕಡೆಗಿಂತ ಕಪ್ಪಾಗಿತ್ತು. ಯಾರೋ ಕೆಟ್ಟ ಚಿಪ್ಪಿಗೆ ಹೀಟ್ ಗನ್‌ನಿಂದ ಬಿಸಿ ಹೊಡೆದು ಕಾರ್ಡನ್ನು ಎಬ್ಬಿಸಿದ್ದರು. ಬಿರುಕುಬಿಟ್ಟ ಬೆಸುಗೆಯನ್ನು ಹೀಗೆ ಕಾಯಿಸಿದರೆ ತಾತ್ಕಾಲಿಕವಾಗಿ ಸಂಪರ್ಕ ಕೂಡುತ್ತದೆ. ಆದರೆ ಕಾರ್ಡು ಪ್ರತಿದಿನ ಬಿಸಿಯಾಗಿ ತಣ್ಣಗಾಗುವಾಗ ಹಿಗ್ಗಿ ಕುಗ್ಗಿ ಅದೇ ಜಾಗ ಮತ್ತೆ ಬಿಡುತ್ತದೆ. ಮಾರುವವನಿಗೆ ಬೇಕಾಗಿರುವುದು ಅಷ್ಟೇ ದಿನ.

ಇಲ್ಲಿ ಮೈನಿಂಗ್ ಬಗ್ಗೆ ಒಂದು ಮಾತು. 3080 ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ, ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ಗ್ರಾಫಿಕ್ಸ್ ಕಾರ್ಡುಗಳ ಮೈನಿಂಗನ್ನು ಕೈಬಿಟ್ಟದ್ದು 2022ರ ಸೆಪ್ಟೆಂಬರ್ 15ರಂದು. ಈ ಎರಡು ವರ್ಷಗಳೊಳಗೆ ಕೊಂಡ ಕಾರ್ಡಿಗೆ ಮೈನಿಂಗ್‌ನ ಹಿನ್ನೆಲೆ ಇರಬಹುದೆಂದೇ ಎಣಿಸಬೇಕು. ‘ಇದು ಎಲ್‌ಎಚ್‌ಆರ್ ಕಾರ್ಡು, ಮೈನಿಂಗ್ ಮಾಡಲು ಬರುವುದೇ ಇಲ್ಲ’ ಎಂದು ಕೆಲವರು ಹೇಳುತ್ತಾರೆ. ಎಲ್‌ಎಚ್‌ಆರ್ ಎಂದರೆ ಮೈನಿಂಗ್ ವೇಗ ತಗ್ಗಿಸಲು ಕಂಪನಿಯೇ ಹಾಕಿದ ತಡೆ. 2022ರ ಮಧ್ಯದ ಹೊತ್ತಿಗೆ ಮೈನಿಂಗ್ ಸಾಫ್ಟ್‌ವೇರ್‌ಗಳು ಆ ತಡೆಯನ್ನು ಪೂರ್ತಿಯಾಗಿ ದಾಟಿದ್ದವು, ಹಾಗಾಗಿ ಆ ಮಾತಿಗೆ ಬೆಲೆಯಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಓಡಿದ ಗಂಟೆಗಳ ಲೆಕ್ಕ ಸಿಗುತ್ತದೆ, ಬೈಕಿನಲ್ಲಿ ಕಿಲೋಮೀಟರ್ ಕಾಣುತ್ತದೆ, ಇಂಥ ಕಾರ್ಡಿನಲ್ಲಿ ಅಂಥ ಯಾವ ಮೀಟರೂ ಇಲ್ಲ. ಎಷ್ಟು ಗಂಟೆ ಓಡಿದೆ ಎಂದು ಕೇಳುವುದಕ್ಕಿಂತ ಓಡಿದ್ದರಿಂದ ಏನು ಸವೆದಿದೆ ಎಂದು ಹುಡುಕುವುದೇ ದಾರಿ.

ಸವೆಯುವ ಜಾಗ ಯಾವುದೆಂಬುದರಲ್ಲಿ ಅನೇಕರು ತಪ್ಪುತ್ತಾರೆ. ಎಥೀರಿಯಂ ಮೈನಿಂಗ್ ಮುಖ್ಯ ಚಿಪ್ಪಿಗಿಂತ ಮೆಮೊರಿಯನ್ನು ಹೆಚ್ಚು ದುಡಿಸುವ ಕೆಲಸ. ಲೆಕ್ಕ ಬಲ್ಲ ಮೈನರ್‌ಗಳು ಕರೆಂಟಿನ ಬಿಲ್ಲು ಉಳಿಸಲು ಮುಖ್ಯ ಚಿಪ್ಪಿನ ವಿದ್ಯುತ್ತನ್ನು ಇಳಿಸಿಯೇ ಓಡಿಸುತ್ತಿದ್ದುದರಿಂದ ಅದು ಒಂದೇ ಸಮನಾದ ಹದವಾದ ಬಿಸಿಯಲ್ಲಿ ಇರುತ್ತಿತ್ತು. ಆದರೆ ಅದರ ಸುತ್ತ ಕುಳಿತ ಹತ್ತು ಜಿಡಿಡಿಆರ್6ಎಕ್ಸ್ ಮೆಮೊರಿ ಚಿಪ್ಪುಗಳು ಹಗಲೂ ರಾತ್ರಿ 100 ಡಿಗ್ರಿಯ ಆಸುಪಾಸಿನಲ್ಲಿ ಬೇಯುತ್ತಿದ್ದವು. ಆ ಚಿಪ್ಪುಗಳ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡುಗಳು ಇದರಿಂದ ಎಣ್ಣೆ ಬಿಟ್ಟು ಒಣಗುತ್ತವೆ. ಬಿಡುವಿಲ್ಲದೆ ತಿರುಗಿದ ಫ್ಯಾನುಗಳ ಬೇರಿಂಗ್ ಕೂಡ ಸವೆಯುತ್ತದೆ. ಪ್ಯಾಡನ್ನೂ ಫ್ಯಾನನ್ನೂ ಬದಲಾಯಿಸಬಹುದು, ಬೆಂದುಹೋದ ಮೆಮೊರಿ ಚಿಪ್ಪನ್ನು ಮನೆಯಲ್ಲಿ ಬದಲಾಯಿಸಲಾಗದು. ಪರೀಕ್ಷೆಯೆಲ್ಲ ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ಗುರುತಿಸುವುದಕ್ಕಾಗಿ.

ಮಂಡ್ಯಕ್ಕೆ ಹೋದಾಗ ನನ್ನ ಬಳಿ ಒಂದು ಪೆನ್ ಡ್ರೈವ್, ಒಂದು ಸಣ್ಣ ಟಾರ್ಚ್ ಇದ್ದವು. ಮಾರುವವರು ಮುಚ್ಚುಮರೆ ಮಾಡಲಿಲ್ಲ. “ಸಾ, ಸುಳ್ ಯಾಕೆ ಯೋಳ್ಲಿ, ಮೈನಿಂಗ್‌ಗೆ ಹಾಕಿದ್ದು ದಿಟ. ಎಂಟು ಕಾರ್ಡ್ ಇದ್ವು, ಇದೇ ಕೊನೇದು. ಬಿಚ್ಚಿ ಮಾತ್ರ ಇಲ್ಲ,” ಎಂದರು. ಕೊನೆಯ ಮಾತನ್ನು ಟಾರ್ಚ್ ಹಿಡಿದು ನೋಡಿದೆ. ಸ್ಕ್ರೂಗಳ ತಲೆ ಸವೆದಿರಲಿಲ್ಲ, ಸ್ಕ್ರೂವಿನ ಮೇಲಿನ ಸ್ಟಿಕ್ಕರ್ ಹರಿದಿರಲಿಲ್ಲ. ಕಾರ್ಡನ್ನು ಪಕ್ಕಕ್ಕೆ ಹಿಡಿದು ಹೀಟ್‌ಸಿಂಕ್ ಮತ್ತು ಬೋರ್ಡಿನ ನಡುವಿನ ಸಂದಿಗೆ ಬೆಳಕು ಹಾಯಿಸಿದರೆ ಕೆಲವು ಮೆಮೊರಿ ಚಿಪ್ಪುಗಳ ಅಂಚು ಕಾಣುತ್ತದೆ. ಅಲ್ಲಿ ಫ್ಲಕ್ಸಿನ ಕಂದು ಅಂಟು ಇರಲಿಲ್ಲ, ಪ್ಯಾಡಿನಿಂದ ಇಳಿದ ಎಣ್ಣೆಯ ತೆಳುವಾದ ಹೊಳಪು ಮಾತ್ರ ಇತ್ತು. ಎಣ್ಣೆಯ ಜಿಡ್ಡು ಮೈನಿಂಗ್‌ನ ಗುರುತು, ಅದಕ್ಕೆ ಹೆದರಬೇಕಿಲ್ಲ. ಗಟ್ಟಿಯಾಗಿ ಒಂದೇ ಚಿಪ್ಪಿನ ಸುತ್ತ ಅಂಟಿದ ಫ್ಲಕ್ಸ್ ಕಂಡರೆ ಮಾತ್ರ ಎದ್ದು ಬರಬೇಕು. ಹಾಗೆಯೇ, ಐದು ವರ್ಷದ ಕಾರ್ಡು ಮದುಮಗನಂತೆ ಥಳಥಳಿಸುತ್ತಿದ್ದರೆ, ಯಾರು ತೊಳೆದರು, ಏಕೆ ಬಿಚ್ಚಿದರು ಎಂದು ಕೇಳುವುದು ಒಳ್ಳೆಯದು.

ಸ್ಲಾಟಿಗೆ ಸೇರುವ ಚಿನ್ನದ ಬಣ್ಣದ ಅಂಚಿನ ಮೇಲ್ಗಡೆ ಎಳ್ಳಿನ ಕಾಳಿನಷ್ಟು ಸಣ್ಣ ಕೆಪಾಸಿಟರ್‌ಗಳ ಒಂದು ಸಾಲಿರುತ್ತದೆ. ಕಾರ್ಡನ್ನು ಅಡ್ಡಾದಿಡ್ಡಿ ತೆಗೆದು ಹಾಕಿದಾಗ ಇವುಗಳಲ್ಲಿ ಒಂದು ಕಿತ್ತುಹೋದರೂ ಕಾರ್ಡು ಓಡುತ್ತದೆ, ಆದರೆ ಮಾಹಿತಿ ಹರಿಯುವ ಹದಿನಾರು ಲೇನುಗಳ ಬದಲು ಎಂಟರಲ್ಲೋ ನಾಲ್ಕರಲ್ಲೋ ಓಡುತ್ತದೆ. ಕಣ್ಣಿಗೆ ತಪ್ಪಿದರೂ ಈ ಆದೇಶಕ್ಕೆ ತಪ್ಪುವುದಿಲ್ಲ:

```
nvidia-smi --query-gpu=name,vbios_version,pcie.link.gen.current,pcie.link.width.current --format=csv -l 5
```

ಇದನ್ನು ಆಟವೋ ಪರೀಕ್ಷೆಯೋ ಓಡುತ್ತಿರುವಾಗಲೇ ನೋಡಬೇಕು, ಏಕೆಂದರೆ ಸುಮ್ಮನಿರುವಾಗ ಕಾರ್ಡು ವಿದ್ಯುತ್ ಉಳಿಸಲು ಲಿಂಕಿನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೊನೆಯ ಅಂಕಣದಲ್ಲಿ 16 ಬರಬೇಕು. ಬರದಿದ್ದರೆ ಮೊದಲು ಆ ಕಂಪ್ಯೂಟರಿನ ಬೋರ್ಡಿನಲ್ಲಿರುವುದೇ ಎಂಟು ಲೇನಿನ ಸ್ಲಾಟೇ ಎಂದು ವಿಚಾರಿಸಿ ಆಮೇಲೆ ಕಾರ್ಡನ್ನು ದೂರಬೇಕು.

ನಂತರ ಮುಖ್ಯ ಪರೀಕ್ಷೆ. ಒಂದು ಕಿಟಕಿಯಲ್ಲಿ ಉಷ್ಣತೆ ತೋರಿಸುವ HWiNFO64 ಪ್ರೋಗ್ರಾಮನ್ನು ತೆರೆದಿಟ್ಟು, ಅವರಲ್ಲಿದ್ದ ಒಂದು ಭಾರಿ ಆಟವನ್ನು ಅರ್ಧ ಗಂಟೆ ಓಡಿಸಿದೆ. ಹದಿನೈದು ನಿಮಿಷದ ಪ್ರದರ್ಶನದಿಂದ ಒಮ್ಮೆ ಮೋಸಹೋದವನು ನಾನು, ಆದ್ದರಿಂದ ಗಡಿಯಾರ ನೋಡಿಯೇ ಕುಳಿತೆ. ಕೋಣೆಯ ಉಷ್ಣತೆ ಸುಮಾರು 30 ಡಿಗ್ರಿ. GPU Temperature 71ಕ್ಕೆ, GPU Hot Spot Temperature 84ಕ್ಕೆ ನಿಂತವು. ಚಿಪ್ಪಿನ ಅತಿ ಬಿಸಿಯಾದ ಜಾಗಕ್ಕೂ ಒಟ್ಟು ಉಷ್ಣತೆಗೂ ಇಲ್ಲಿ ಹದಿಮೂರು ಡಿಗ್ರಿಯ ಅಂತರ, ಇದು ಸಹಜ. ಈ ಅಂತರ ಇಪ್ಪತ್ತೈದನ್ನು ದಾಟಿದ್ದರೆ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಒಣಗಿದೆ ಎಂದೋ ಹೀಟ್‌ಸಿಂಕ್ ಓರೆಯಾಗಿ ಕುಳಿತಿದೆ ಎಂದೋ ತಿಳಿಯಬೇಕು. ಅರೆಬರೆ ರಿಪೇರಿಯ ಬಹು ಸಾಮಾನ್ಯ ಗುರುತು ಇದೇ: ಹಳೆಯ ಪ್ಯಾಡು ತೆಗೆದು ಅದಕ್ಕಿಂತ ದಪ್ಪನೆಯದನ್ನು ಹಾಕಿದರೆ, ಮೆಮೊರಿ ತಣ್ಣಗಾದರೂ ಹೀಟ್‌ಸಿಂಕ್ ಮುಖ್ಯ ಚಿಪ್ಪಿನಿಂದ ಕೂದಲೆಳೆಯಷ್ಟು ಮೇಲೆದ್ದು ಅಂತರ ಏರಿಬಿಡುತ್ತದೆ.

ಆದರೆ GPU Memory Junction Temperature ಇಪ್ಪತ್ತನೆಯ ನಿಮಿಷದಲ್ಲಿ 106 ತೋರಿಸಿತು. ಇದು 110ಕ್ಕೆ ಮುಟ್ಟಿದರೆ ಕಾರ್ಡು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಪ್ಯಾಡುಗಳು ಮುಗಿದಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಉಳಿದ ಪ್ರಶ್ನೆಯೆಂದರೆ ಚಿಪ್ಪುಗಳು ಗಟ್ಟಿಯಾಗಿವೆಯೇ ಎಂಬುದು. ಆಟ ಮುಚ್ಚಿದವನೇ, ಕಾರ್ಡು ತಣ್ಣಗಾಗಲು ಬಿಡದೆ, memtest_vulkan ಎಂಬ ಸಣ್ಣ ಉಚಿತ ಪ್ರೋಗ್ರಾಮನ್ನು ಹಚ್ಚಿದೆ. ಅದು ಮೆಮೊರಿಗೆ ಬರೆದು, ಓದಿ, ಎರಡನ್ನೂ ಹೋಲಿಸುತ್ತ ಹೋಗುತ್ತದೆ. ಬೆಸುಗೆ ಬಿಟ್ಟ ಚಿಪ್ಪು ತಣ್ಣಗಿರುವಾಗ ಪಾಸಾಗಿ ಬಿಸಿಯಲ್ಲಿ ತಪ್ಪುವುದು ಉಂಟು, ಆದ್ದರಿಂದ ಬಿಸಿ ಇರುವಾಗಲೇ ಪರೀಕ್ಷಿಸಬೇಕು. ಹತ್ತು ನಿಮಿಷದಲ್ಲಿ ಒಂದೂ ತಪ್ಪು ಬರಲಿಲ್ಲ. ಒಂದೇ ಒಂದು ಬಂದಿದ್ದರೂ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ನಾನು ಕೊಳ್ಳುತ್ತಿರಲಿಲ್ಲ.

ಫ್ಯಾನುಗಳ ವೇಗವನ್ನು ಆಫ್ಟರ್‌ಬರ್ನರ್ ಎಂಬ ಪ್ರೋಗ್ರಾಮಿನಲ್ಲಿ ಶೇಕಡ ನೂರಕ್ಕೆ ಏರಿಸಿ ಸದ್ದು ಕೇಳಿದೆ. ನಡುವಿನದು ಮಾತ್ರ ತುಸು ಗರಗರ ಎನ್ನುತ್ತಿತ್ತು. ಪ್ಯಾಡು, ಫ್ಯಾನು ಈ ಎರಡರ ದೋಷವನ್ನೂ ಎದುರಿಗೇ ತೋರಿಸಿದ್ದರಿಂದ ಚೌಕಾಸಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ, 30,000 ಕೇಳುತ್ತಿದ್ದವರು 26,500ಕ್ಕೆ ಒಪ್ಪಿದರು.

ಮನೆಗೆ ತಂದ ವಾರದಲ್ಲೇ ಬಿಚ್ಚಿದೆ. ಹಳೆಯ ಪ್ಯಾಡುಗಳು ಬೆರಳಿಟ್ಟರೆ ಒಣಗಿದ ರೊಟ್ಟಿಯ ಅಂಚಿನಂತೆ ಪುಡಿಯಾಗುತ್ತಿದ್ದವು. ಒತ್ತಡ ಬೀಳದ ತುದಿಯಲ್ಲಿ ಕ್ಯಾಲಿಪರ್‌ನಿಂದ ಅಳೆದು, ಅದೇ ದಪ್ಪದ ಹೊಸ ಪ್ಯಾಡು ತರಿಸಿ ಹಾಕಿದೆ. ಈ ದಪ್ಪ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ನನ್ನ ಅಳತೆ ನಿಮಗೆ ಉಪಯೋಗಕ್ಕೆ ಬಾರದು. ಅದೇ ಆಟ, ಅದೇ ಅರ್ಧ ಗಂಟೆ: ಮೆಮೊರಿ 106ರಿಂದ 86ಕ್ಕೆ ಇಳಿಯಿತು. ಹಾಟ್ ಸ್ಪಾಟಿನ ಅಂತರ ಹದಿಮೂರೇ ಉಳಿದದ್ದರಿಂದ ಹೀಟ್‌ಸಿಂಕ್ ಸರಿಯಾಗಿ ಕುಳಿತಿದೆ ಎಂದು ಖಚಿತವಾಯಿತು.

ಅಲ್ಲಿಂದ ಈಚೆಗೆ ದೂರಲು ದೊಡ್ಡದೇನೂ ಇಲ್ಲ. ಗರಗರ ಎನ್ನುತ್ತಿದ್ದ ಫ್ಯಾನು ಹದಿನಾಲ್ಕನೆಯ ತಿಂಗಳಿಗೆ ಪೂರ್ತಿ ನಿಂತಿತು. ಸರಿಯಾದ ಫ್ಯಾನು ಆನ್‌ಲೈನ್‌ನಲ್ಲಿ ಬರಲು ಮೂರು ವಾರ ಹಿಡಿಯಿತು, ಅಷ್ಟು ದಿನ ವಿದ್ಯುತ್ ಮಿತಿಯನ್ನು ಶೇಕಡ 70ಕ್ಕೆ ಇಳಿಸಿಕೊಂಡು ಎರಡೇ ಫ್ಯಾನಿನಲ್ಲಿ ಎರಡು ಮದುವೆಗಳ ಕೆಲಸ ಮುಗಿಸಿದೆ. ನಿಜವಾದ ಕಿರಿಕಿರಿ ವಿದ್ಯುತ್ತಿನದು. 320 ವಾಟ್ ಎಳೆಯುವ ಈ ಕಾರ್ಡಿಗೆ ನನ್ನ ಹಳೆಯ 550 ವಾಟಿನ ಪವರ್ ಸಪ್ಲೈ ಸಾಲದೆ ಹೊಸದನ್ನು ಹಾಕಬೇಕಾಯಿತು, ಆ ಖರ್ಚನ್ನು ಕಾರ್ಡಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕಿತ್ತು. ಏಪ್ರಿಲ್ ಸೆಕೆಯಲ್ಲಿ ತಾರಸಿ ಕಾದು ಕೋಣೆ 34 ಡಿಗ್ರಿ ಮುಟ್ಟುವ ಮಧ್ಯಾಹ್ನಗಳಲ್ಲಿ ಮೆಮೊರಿ ಈಗ 94 ತೋರಿಸುತ್ತಿದೆ. 100 ದಾಟಿದ ದಿನ ಮತ್ತೊಮ್ಮೆ ಬಿಚ್ಚಲು ಉಳಿದ ಅರ್ಧ ಹಾಳೆ ಪ್ಯಾಡನ್ನು ಡಬ್ಬಿಯಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ.