ಎಚ್ಚರಿಕೆ ಹಾಳೆ: ಪಾಠದ ಕ್ರಮವೋ, ಪ್ರಶ್ನೆಯ ಗುರುತೋ?

ಬದಿಯಡ್ಕದಲ್ಲಿ ಪ್ಲಸ್ ಟು ಓದುವ ನನ್ನ ತಂಗಿ ಕೇಳಿದಳು: "ಟೀಚರ್ 'ಇಲ್ಲಿ ತಪ್ಪುತ್ತೀರಿ' ಅಂದದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಹೇಗೆ ಬರೆಯಲಿ?" ದಾರಿ ಎರಡು.

ಒಂದು, ಪಾಠದ ಕ್ರಮದಲ್ಲಿ ಬರೆಯುವುದು. ಕ್ಲಾಸಿನಲ್ಲೇ ಬರೆದು ಮುಗಿಯುತ್ತದೆ, ಅದೇ ಲಾಭ. ಆದರೆ "ಚಿಹ್ನೆ ಜಾಗ್ರತೆ" ಅಂತ ಬರೆದಿಟ್ಟರೆ ತಿಂಗಳಾದ ಮೇಲೆ ಏನೂ ಹೊಳೆಯುವುದಿಲ್ಲ.

ಇನ್ನೊಂದು, ಪ್ರಶ್ನೆಯಲ್ಲಿ ಕಾಣುವ ಗುರುತಿನ ಕೆಳಗೆ ಬರೆಯುವುದು: ಗುರುತು, ತಪ್ಪು ಹೆಜ್ಜೆ, ಪರೀಕ್ಷಿಸುವ ಬಗೆ. ಉದಾಹರಣೆಗೆ, 15 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆಸೆದರೆ ನೆಲಕ್ಕೆ ಬೀಳಲು ಎಷ್ಟು ಹೊತ್ತು? g = 10 ಇರಲಿ. ಇಲ್ಲಿ ಗುರುತು "ಕಟ್ಟಡದ ಮೇಲಿಂದ" ಎಂಬ ಮಾತು. ಮೇಲ್ಮುಖ ಧನವಾದರೆ ಸ್ಥಾನಾಂತರ −15. ಹಲವರು +15 ಹಾಕುತ್ತಾರೆ:

```
ತಪ್ಪು: 15 = 20t − 5t²  →  t = 1, 3
ಸರಿ: −15 = 20t − 5t²  →  t ≈ 4.65
```

ತಪ್ಪು ಉತ್ತರವೇ ಎಷ್ಟು ಚಂದ ಕಾಣುತ್ತದೆ, ಅಲ್ವಾ? ಪರೀಕ್ಷಿಸುವ ಬಗೆ ಹೀಗೆ: ಚೆಂಡು ಎಸೆದ ಮಟ್ಟಕ್ಕೆ ಮರಳಲು 2u/g, ಅಂದರೆ 2 × 20 / 10 = 4 ಸೆಕೆಂಡ್ ಬೇಕು. ನೆಲ ಅದಕ್ಕಿಂತ ಕೆಳಗಿದೆ. 3 ಆಗಲು ಸಾಧ್ಯವೇ ಇಲ್ಲ.

ಇದಕ್ಕೆ ಸಮಯ ಜಾಸ್ತಿ ಬೇಕು. ಗುರುತು ಸಿಗದ ತಪ್ಪುಗಳೂ ಇವೆ, ಉದಾಹರಣೆಗೆ ಚೆಂಡು ಏರುವ ತುದಿಯಲ್ಲಿ ವೇಗ ಸೊನ್ನೆಯಾದರೂ ವೇಗೋತ್ಕರ್ಷ ಸೊನ್ನೆಯಲ್ಲ ಎಂಬುದು. ಅಂಥವನ್ನು ಪಾಠದ ಹೆಸರಿನಡಿ ಇಡಿ.

ಕ್ಲಾಸಿನಲ್ಲಿ ಮೊದಲ ದಾರಿ, ಭಾನುವಾರ ಎರಡನೆಯದಕ್ಕೆ ಇಳಿಸಿಕೋ ಅಂದೆ. ಪರೀಕ್ಷೆಯ ಮೊದಲಿನ 15 ನಿಮಿಷದ ಕೂಲ್ ಆಫ್‌ನಲ್ಲಿ ಪ್ರಶ್ನೆ ಓದುವಾಗ ಕಣ್ಣಿಗೆ ಬೀಳುವುದು ಗುರುತೇ, ಪಾಠದ ಹೆಸರಲ್ಲ.