ಅರಿಶಿನಕ್ಕೆ ಕುಂಕುಮ, ಬೆಣ್ಣೆಗೆ ಗಿಣಿಹಸಿರು: ಗೃಹಪ್ರವೇಶ ಮತ್ತು ನಾಮಕರಣದ ಉಡುಗೊರೆ ಹೊದಿಕೆಗಳ ಹೋಲಿಕೆ

ಕಳೆದ ಮಾಘ ಮಾಸದಲ್ಲಿ ಮೈಸೂರಿನ ನಮ್ಮ ಬಂಧುವರ್ಗದಲ್ಲಿ ಹದಿನೈದು ದಿನಗಳ ಅಂತರದಲ್ಲಿ ಒಂದು ಗೃಹಪ್ರವೇಶವೂ ಒಂದು ನಾಮಕರಣವೂ ನಡೆದವು. ಮುಯ್ಯಿಯ ಪೊಟ್ಟಣಗಳನ್ನು ಸುತ್ತುವ ಕೆಲಸ ನಮ್ಮ ಕುಟುಂಬದಲ್ಲಿ ಬಹಳ ವರ್ಷಗಳಿಂದ ನನ್ನ ಪಾಲಿನದು. ಅತ್ತಿಗೆ, ಚಿಕ್ಕಮ್ಮ ಮತ್ತು ನಾದಿನಿಯ ಮನೆಗಳಿಂದ ಹೋಗಬೇಕಾದ ಉಡುಗೊರೆಗಳೂ ನನ್ನ ಕೈಗೇ ಬಂದಿದ್ದರಿಂದ, ಗೃಹಪ್ರವೇಶಕ್ಕೆ ನಾಲ್ಕು ಮತ್ತು ನಾಮಕರಣಕ್ಕೆ ಮೂರು ಪೊಟ್ಟಣಗಳನ್ನು ಬೇರೆ ಬೇರೆ ಬಣ್ಣದ ಜೋಡಿಗಳಲ್ಲಿ ಸುತ್ತಿ, ಯಾವುದು ಎಲ್ಲಿ ಹೊಂದುತ್ತದೆ ಎಂಬುದನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿತು. ಎರಡು ಜೋಡಿಗಳನ್ನು ಉದ್ದೇಶಪೂರ್ವಕವಾಗಿ ಎರಡೂ ಸಮಾರಂಭಗಳಿಗೆ ಬಳಸಿದೆ. ಒಂದು, ಅರಿಶಿನ ಬಣ್ಣದ ಕಾಗದಕ್ಕೆ ಕುಂಕುಮಗೆಂಪಿನ ರಿಬ್ಬನ್. ಇನ್ನೊಂದು, ಬೆಣ್ಣೆ ಬಣ್ಣದ ಕಾಗದಕ್ಕೆ ಗಿಣಿಹಸಿರು ರಿಬ್ಬನ್.

ಮೊದಲು ಗೃಹಪ್ರವೇಶದ ವಿಚಾರ. ಮುಹೂರ್ತ ಬೆಳಗಿನ ಜಾವದಲ್ಲಿದ್ದುದರಿಂದ ನಾವು ಹೋದಾಗ ಹೊರಗೆ ಇನ್ನೂ ಕತ್ತಲೆಯಿತ್ತು. ಬಾಗಿಲಿಗೆ ಮಾವಿನ ತೋರಣ, ಚೆಂಡುಹೂವಿನ ದಪ್ಪ ಮಾಲೆಗಳು, ಹೊಸ್ತಿಲಿಗೆ ಅರಿಶಿನ ಕುಂಕುಮ, ನಡುಮನೆಯಲ್ಲಿ ಹೋಮದ ಹೊಗೆ. ಇವುಗಳ ನಡುವೆ ಗೋಡೆಗೆ ಒರಗಿಸಿದ ಮೇಜಿನ ಮೇಲೆ ಉಡುಗೊರೆಗಳು ಒಂದರ ಮೇಲೊಂದು ಸೇರುತ್ತಿದ್ದವು. ಈ ಪರಿಸರದಲ್ಲಿ ಗಾಢ ಬಣ್ಣಗಳು ಆಗಲೇ ತುಂಬಿಕೊಂಡಿರುತ್ತವೆ. ಪೊಟ್ಟಣವನ್ನು ನೋಡುವವರೂ ಎಂಟು ಹತ್ತು ಅಡಿ ದೂರದಿಂದ, ಹೊಗೆಯ ಮೂಲಕ ನೋಡುತ್ತಾರೆ. ಮನೆಯಲ್ಲಿ ಸುತ್ತಿಟ್ಟಾಗ ಬಹಳ ಸೊಗಸಾಗಿ ಕಂಡಿದ್ದ ನನ್ನ ಬೆಣ್ಣೆ–ಗಿಣಿಹಸಿರು ಪೊಟ್ಟಣವು ಆ ಮೇಜಿನ ಮೇಲೆ ಸಂಪೂರ್ಣವಾಗಿ ಮಂಕಾಯಿತು. ತೆಳು ಹಳದಿಯು ಚೆಂಡುಹೂವಿನ ಪಕ್ಕದಲ್ಲಿ ಬಿಳಿಚಿಕೊಂಡಂತೆ ಕಂಡಿತು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಟ್ಟ ಕೈಯಲ್ಲೇ ಮನೆಯೊಡತಿ ಪೊಟ್ಟಣವನ್ನು ಸ್ವೀಕರಿಸಿದ್ದರಿಂದ, ಆಕೆಯ ಹೆಬ್ಬೆರಳಿನ ಗುರುತು ಆ ತೆಳು ಕಾಗದದ ಮೇಲೆ ಅಚ್ಚೊತ್ತಿದಂತೆ ಉಳಿಯಿತು. ಅಂಥ ಕಲೆಯನ್ನು ಸೋಪಿನ ನೀರಿನಲ್ಲಿ ಒರೆಸಲು ಹೋಗುವುದು ಇನ್ನೂ ಅಪಾಯಕರ. ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಸೇರಿದಾಗ ಅದು ಕೆಂಪಾಗುವಂತೆಯೇ ಸೋಪಿನ ಕ್ಷಾರಕ್ಕೂ ಅರಿಶಿನ ಕೆಂಪಾಗುತ್ತದೆ.

ಅರಿಶಿನ–ಕುಂಕುಮ ಜೋಡಿ ಈ ಎರಡೂ ಪರೀಕ್ಷೆಗಳಲ್ಲಿ ಗೆದ್ದಿತು. ಅರಿಶಿನದ ಕೈ ಅದೇ ಬಣ್ಣದ ಕಾಗದದ ಮೇಲೆ ಗುರುತು ಬಿಡಲಿಲ್ಲ. ಕುಂಕುಮದ ಒಂದೆರಡು ಚುಕ್ಕೆಗಳು ಬಿದ್ದರೂ ಅವು ರಿಬ್ಬನ್ನಿನ ಬಣ್ಣದವೇ ಆದ್ದರಿಂದ ಕೊಳೆ ಎನಿಸಲಿಲ್ಲ. ಮೇಜಿನ ಮೇಲೆ ದೂರದಿಂದಲೂ ಕಾಗದ ಯಾವುದು, ರಿಬ್ಬನ್ ಯಾವುದು ಎಂಬುದು ಬೇರೆ ಬೇರೆಯಾಗಿ ಕಾಣುತ್ತಿತ್ತು.

ಇಲ್ಲಿ ಎಲೆಹಸಿರು ಕಾಗದಕ್ಕೆ ಕುಂಕುಮಗೆಂಪು ರಿಬ್ಬನ್ ಕಟ್ಟಿದ ಮೂರನೆಯ ಪೊಟ್ಟಣದ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಈ ಜೋಡಿಯನ್ನು ಬಹಳ ಮಂದಿ ಕಣ್ಣುಮುಚ್ಚಿ ಆರಿಸುತ್ತಾರೆ. ಹಸಿರು ಸೀರೆಗೆ ಕೆಂಪು ಅಂಚು ನಮ್ಮ ಕಣ್ಣಿಗೆ ಅಷ್ಟು ಒಗ್ಗಿರುವುದರಿಂದ ಪೊಟ್ಟಣಕ್ಕೂ ಅದು ಹೊಂದುತ್ತದೆಂದು ನಾನೂ ನಂಬಿದ್ದೆ. ಆದರೆ ಸೀರೆಯಲ್ಲಿ ಆ ಎರಡು ಬಣ್ಣಗಳ ನಡುವೆ ಸಾಮಾನ್ಯವಾಗಿ ಜರಿಯ ಗೆರೆಯೊಂದು ಇರುತ್ತದೆ. ಪೊಟ್ಟಣದಲ್ಲಿ ಅದು ಇರುವುದಿಲ್ಲ. ಹಸಿರು ಮತ್ತು ಕೆಂಪು ಬೇರೆ ಬೇರೆ ಬಣ್ಣಗಳಾದರೂ, ನಾನು ಆರಿಸಿದ್ದ ಛಾಯೆಗಳಲ್ಲಿ ಎರಡರ ಗಾಢತೆ ಒಂದೇ ಮಟ್ಟದ್ದಾಗಿತ್ತು. ಹತ್ತಿರದಿಂದ ನೋಡಿದರೆ ಅಂಚು ಕಣ್ಣಿಗೆ ಅದುರಿದಂತೆ ಕಾಣುತ್ತಿತ್ತು, ದೂರದಿಂದ ರಿಬ್ಬನ್ ಕಾಗದದಲ್ಲೇ ಕರಗಿಹೋಗುತ್ತಿತ್ತು. ಕೆಂಪು–ಹಸಿರಿನ ಭೇದವನ್ನು ಸರಿಯಾಗಿ ಗುರುತಿಸಲಾಗದ ನಮ್ಮ ದೊಡ್ಡಪ್ಪನವರಿಗಂತೂ ಅಲ್ಲಿ ರಿಬ್ಬನ್ ಇದೆ ಎಂಬುದೇ ತಿಳಿಯಲಿಲ್ಲ. ಈಗ ನಾನು ಅಂಗಡಿಯಲ್ಲೇ ಕಾಗದದ ಮೇಲೆ ರಿಬ್ಬನ್ ಇಟ್ಟು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಅದನ್ನು ಕಪ್ಪುಬಿಳುಪಿಗೆ ಬದಲಾಯಿಸಿ ನೋಡುತ್ತೇನೆ. ಎರಡೂ ಒಂದೇ ಬೂದುಬಣ್ಣವಾಗಿ ಕಂಡರೆ ಆ ಜೋಡಿಯನ್ನು ಬಿಡುತ್ತೇನೆ. ಹಸಿರು ಕಾಗದವೇ ಬೇಕೆನ್ನುವವರು ಕೆಂಪು ರಿಬ್ಬನ್ನಿನ ಅಡಿಯಲ್ಲಿ ಅದಕ್ಕಿಂತ ಅಗಲವಾದ ಚಿನ್ನದ ಬಣ್ಣದ ರಿಬ್ಬನ್ನನ್ನು ಹಾಸಿ, ಎರಡೂ ಪಕ್ಕಗಳಲ್ಲಿ ಕೂದಲೆಳೆಯಷ್ಟು ಕಾಣುವಂತೆ ಬಿಟ್ಟರೆ ಸಾಕು, ಸೀರೆಯ ಜರಿಗೆರೆಯ ಕೆಲಸವನ್ನು ಅದು ಮಾಡುತ್ತದೆ.

ನಾಲ್ಕನೆಯದು ಮಿರುಗುವ ಚಿನ್ನದ ಬಣ್ಣದ ಕಾಗದಕ್ಕೆ ಮರೂನ್ ರಿಬ್ಬನ್. ಬಣ್ಣದ ದೃಷ್ಟಿಯಿಂದ ಇದರಲ್ಲಿ ದೋಷವಿರಲಿಲ್ಲ. ಆದರೆ ಆ ಕಾಗದ ಒಮ್ಮೆ ಮಡಿಸಿದ ಕಡೆ ಗೆರೆಯನ್ನು ಶಾಶ್ವತವಾಗಿ ಉಳಿಸಿಕೊಂಡಿತು, ಸಾಧಾರಣ ಅಂಟುಪಟ್ಟಿ ಅದರ ಮೇಲೆ ನಿಲ್ಲದೆ ಒಂದು ತುದಿ ಬಿಚ್ಚಿಕೊಂಡಿತು, ಛಾಯಾಚಿತ್ರದಲ್ಲಿ ದೀಪದ ಬೆಳಕು ಪ್ರತಿಫಲಿಸಿ ಪೊಟ್ಟಣದ ಅರ್ಧಭಾಗ ಬಿಳಿಯಾಯಿತು. ಇದನ್ನು ನಾನು ಮತ್ತೆ ಬಳಸುವುದಿಲ್ಲ.

ಅಳತೆಯನ್ನೂ ಇಲ್ಲಿಯೇ ಹೇಳುವುದು ಉಚಿತ. ಅರಿಶಿನದ ಕಾಗದದಲ್ಲಿ ಸುತ್ತಿದ್ದು ಒಂದು ಜೊತೆ ಹಿತ್ತಾಳೆ ದೀಪಗಳ ಪೆಟ್ಟಿಗೆ. ಉದ್ದ 12 ಇಂಚು, ಅಗಲ 8, ಎತ್ತರ 4. ಸುತ್ತಳತೆಗೆ ಅಗಲ ಮತ್ತು ಎತ್ತರಗಳ ಮೊತ್ತದ ಎರಡರಷ್ಟು, ಅಂದರೆ 24 ಇಂಚು, ಅದರ ಮೇಲೆ ಅಂಟಿಸಲು 1 ಇಂಚು ಬೇಕು. ಇನ್ನೊಂದು ಕಡೆಗೆ ಪೆಟ್ಟಿಗೆಯ ಉದ್ದದ ಜೊತೆಗೆ ಎರಡೂ ತುದಿಗಳಲ್ಲಿ ಎತ್ತರದ ಮುಕ್ಕಾಲು ಭಾಗದಷ್ಟು, ಅಂದರೆ ತಲಾ 3 ಇಂಚು, ಸೇರಿಸಿದರೆ 18 ಆಗುತ್ತದೆ. ನಾನು ಕೊಂಡ ಹಾಳೆ 20ಕ್ಕೆ 28 ಇಂಚಿನದಾದ್ದರಿಂದ ಒಂದೇ ಹಾಳೆ ಸಾಕಾಯಿತು. ರಿಬ್ಬನ್ ಒಂದು ಇಂಚು ಅಗಲದ ಸ್ಯಾಟಿನ್. ಅಡ್ಡ ಮತ್ತು ಉದ್ದ ಸುತ್ತಲು 56 ಇಂಚು, ಹೂಗಂಟಿಗೆ 30 ಇಂಚು, ಒಟ್ಟು ಸುಮಾರು 2.2 ಮೀಟರ್. ಎರಡು ಮೀಟರ್ ಸಾಕೆಂದು ತಂದರೆ ಗಂಟಿನ ಕುಣಿಕೆಗಳು ಚಿಕ್ಕದಾಗಿ, ಅಷ್ಟು ದೊಡ್ಡ ಪೆಟ್ಟಿಗೆಯ ಮೇಲೆ ಗಂಟು ಬಡವಾಗಿ ಕಾಣುತ್ತದೆ.

ನಾಮಕರಣದ ಮನೆಯ ವಾತಾವರಣವೇ ಬೇರೆ. ಪದ್ಧತಿಯಂತೆ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಮಾಡುವ ಈ ಶಾಸ್ತ್ರವನ್ನು ಈಗ ಹಲವರು ಮೂರು ತಿಂಗಳಿಗೆ ಮುಂದೂಡುತ್ತಾರೆ. ನಮ್ಮವರೂ ಹಾಗೆಯೇ ಮಾಡಿದ್ದರು. ಹಗಲು ಹನ್ನೊಂದು ಗಂಟೆ, ಒಳಕೋಣೆ, ಟ್ಯೂಬ್‌ಲೈಟಿನ ಬಿಳಿ ಬೆಳಕು, ತೊಟ್ಟಿಲಿಗೆ ತೆಳುವಾದ ಹತ್ತಿಬಟ್ಟೆ, ಮಲ್ಲಿಗೆಯ ಮಾಲೆ. ಬಂದವರು ತೊಟ್ಟಿಲ ಬಳಿಗೆ ಹೋಗಿ ಪೊಟ್ಟಣವನ್ನು ತಾಯಿಯ ಕೈಗೇ ಕೊಡುವುದರಿಂದ ಅದನ್ನು ನೋಡುವ ದೂರ ಒಂದು ಮೊಳಕ್ಕಿಂತ ಹೆಚ್ಚಿರುವುದಿಲ್ಲ. ಗೃಹಪ್ರವೇಶದಲ್ಲಿ ಗೆದ್ದಿದ್ದ ಅರಿಶಿನ–ಕುಂಕುಮದ ಜೋಡಿ ಇಲ್ಲಿ ಸೋತಿತು. ಅಶುಭವೇನೂ ಅಲ್ಲ, ಆದರೆ ಆ ಮೃದು ಬಣ್ಣಗಳ ನಡುವೆ ಅದೊಂದೇ ಕೂಗಿ ಕರೆಯುವಂತಿತ್ತು. "ಇದು ಮದುವೆ ಮನೆಯ ಮುಯ್ಯಿ ಇದ್ದಹಾಗಿದೆ ಕಣಮ್ಮ" ಎಂದು ಚಿಕ್ಕಮ್ಮ ಮೆಲ್ಲಗೆ ಹೇಳಿದ್ದು ನ್ಯಾಯವಾಗಿಯೇ ಇತ್ತು.

ಕೆನೆಬಣ್ಣದ ಕಾಗದಕ್ಕೆ ಈರುಳ್ಳಿ ಬಣ್ಣದ ರಿಬ್ಬನ್ ಕಟ್ಟಿದ ಎರಡನೆಯ ಪೊಟ್ಟಣವನ್ನು ನಾನು ಮನೆಯಲ್ಲಿ ಕಿಟಕಿಯ ಬೆಳಕಿನಲ್ಲಿ ಸುತ್ತಿದ್ದೆ. ಅಲ್ಲಿ ಅದು ಮುದ್ದಾಗಿತ್ತು. ಟ್ಯೂಬ್‌ಲೈಟಿನ ಕೆಳಗೆ ಆ ರಿಬ್ಬನ್ನಿನ ನಸುಗೆಂಪು ಹಾರಿಹೋದಂತಾಗಿ, ಇಡೀ ಪೊಟ್ಟಣ ಬಿಳಿಯೆಂದೇ ತೋರಿತು. ಮಂಗಳಕಾರ್ಯಕ್ಕೆ ಬರೀ ಬಿಳಿ ಹೊದಿಕೆಯನ್ನು ನಮ್ಮ ಹಿರಿಯರು ಇಷ್ಟಪಡುವುದಿಲ್ಲ. ಆದ್ದರಿಂದ ತೆಳು ಬಣ್ಣಗಳನ್ನು ಆರಿಸುವಾಗ ಅವುಗಳನ್ನು ಸಮಾರಂಭದ ಬೆಳಕಿನಲ್ಲೇ ಒಮ್ಮೆ ನೋಡಬೇಕು ಮತ್ತು ಎರಡರಲ್ಲಿ ಒಂದಾದರೂ ಗಟ್ಟಿ ಬಣ್ಣವಾಗಿರಬೇಕು.

ಬೆಣ್ಣೆ–ಗಿಣಿಹಸಿರು ಇಲ್ಲಿ ತನ್ನ ಜಾಗವನ್ನು ಕಂಡುಕೊಂಡಿತು. ತೆಳು ಹಳದಿಯು ಬಿಳಿ ಬೆಳಕಿನಲ್ಲೂ ಹಳದಿಯಾಗಿಯೇ ಉಳಿಯಿತು, ಹಸಿರು ಅದರ ಮೇಲೆ ಸ್ಪಷ್ಟವಾಗಿ ನಿಂತಿತು. ಸೀಮಂತದಲ್ಲಿ ತೊಡಿಸುವ ಹಸಿರು ಬಳೆಗಳ ನೆನಪನ್ನೂ ಅದು ತರುತ್ತದೆ. ಗಂಡುಮಗುವಿಗೆ ನೀಲಿ, ಹೆಣ್ಣುಮಗುವಿಗೆ ಗುಲಾಬಿ ಎಂದು ಅಂಗಡಿಯವರು ಮುಂದಿಟ್ಟ ಹಾಳೆಗಳನ್ನು ನಾನು ಹಿಂದಿರುಗಿಸಿದೆ. ನಮ್ಮ ತೊಟ್ಟಿಲ ಶಾಸ್ತ್ರದಲ್ಲಿ ಇಲ್ಲದ ಆ ವಿಂಗಡಣೆಯನ್ನು ಕಾಗದದ ಮೂಲಕ ತರುವುದು ನನಗೆ ಸಮ್ಮತವಲ್ಲ. ಕಪ್ಪಿನ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಮಗುವಿನ ಕೈಗೆ ಕರಿಮಣಿ ಕಟ್ಟುತ್ತಾರೆ, ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಾರೆ, ಆದರೂ ಉಡುಗೊರೆಯ ಹೊದಿಕೆಯ ಮೇಲೆ ಕಪ್ಪು ರಿಬ್ಬನ್ ಕಂಡರೆ ಅದೇ ಹಿರಿಯರು ಮುಖ ಸಿಂಡರಿಸುತ್ತಾರೆ. ದೃಷ್ಟಿ ತೆಗೆಯುವ ಕಪ್ಪು ಮನೆಯವರೇ ಹಚ್ಚಬೇಕಾದದ್ದು, ಹೊರಗಿನಿಂದ ಬರಬೇಕಾದದ್ದಲ್ಲ.

ಆ ಪೊಟ್ಟಣದೊಳಗೆ ಇದ್ದದ್ದು ಬೆಳ್ಳಿಯ ಒಳಲೆ. ಪೆಟ್ಟಿಗೆ 6 ಇಂಚಿನ ಚೌಕ, 3 ಇಂಚು ಎತ್ತರ. ಹಿಂದಿನ ಲೆಕ್ಕದಂತೆಯೇ 19ಕ್ಕೆ ಹತ್ತೂವರೆ ಇಂಚಿನ ಕಾಗದ ಬೇಕಾದ್ದರಿಂದ ಹಾಳೆಯನ್ನು ಅರ್ಧ ಮಾಡಿದಾಗ ದೊರೆಯುವ 20ಕ್ಕೆ 14 ಇಂಚಿನ ತುಂಡು ಸರಿಹೋಯಿತು. ಅರ್ಧ ಇಂಚಿನ ರಿಬ್ಬನ್ ಸುಮಾರು 1.4 ಮೀಟರ್ ಹಿಡಿಯಿತು. ಒಳಗಿನ ಪೆಟ್ಟಿಗೆಗೆ ರಬ್ಬರ್ ಬ್ಯಾಂಡ್ ಹಾಕಲಿಲ್ಲ, ಏಕೆಂದರೆ ರಬ್ಬರಿನಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ.

ಬಾಣಂತಿಯ ಮನೆಯಲ್ಲಿ ಅರಿಶಿನಕ್ಕಿಂತ ಎಣ್ಣೆಯ ಕೈಯ ಭಯ ಹೆಚ್ಚು. ಕೈಯಿಂದ ತಯಾರಿಸಿದ ಒರಟು ಕಾಗದ ನೋಡಲು ಚೆಂದವಾದರೂ ಎಣ್ಣೆಯನ್ನು ಹೀರಿ ಕಲೆಯಾಗುತ್ತದೆ. ಹಾಳೆಯ ಮೂಲೆಯೊಂದಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದಾಗ ಗುರುತು ಉಳಿಯದ, ಸ್ವಲ್ಪ ನುಣುಪಾದ ಕಾಗದವನ್ನೇ ನಾನು ಆರಿಸಿಕೊಂಡೆ. ಮಿನುಗುಪುಡಿ ಅಂಟಿಸಿದ ಕಾಗದ, ಮಣಿ ಪೋಣಿಸಿದ ಗಂಟು ಮತ್ತು ಸುರುಳಿಯಾಗಿ ಇಳಿಬಿಡುವ ಪ್ಲಾಸ್ಟಿಕ್ ರಿಬ್ಬನ್ ಗೃಹಪ್ರವೇಶಕ್ಕೆ ನಡೆಯಬಹುದು, ನಾಮಕರಣಕ್ಕೆ ಸರ್ವಥಾ ಬೇಡ. ಆ ಪುಡಿ ತಾಯಿಯ ಕೈಯಿಂದ ಮಗುವಿನ ಕಣ್ಣು ಬಾಯಿಗೆ ಹೋಗುತ್ತದೆ, ಉದ್ದನೆಯ ರಿಬ್ಬನ್ ತೊಟ್ಟಿಲಿನಲ್ಲಿ ಉಳಿದುಹೋದರೆ ಕೊರಳಿಗೆ ಸುತ್ತಿಕೊಳ್ಳುವ ಅಪಾಯವಿದೆ. ರಿಬ್ಬನ್ನಿನ ತುದಿಗಳನ್ನು ಎರಡು ಇಂಚಿಗೆ ಓರೆಯಾಗಿ ಕತ್ತರಿಸಿ, ಎಳೆ ಬಿಚ್ಚದಂತೆ ದೀಪದ ಜ್ವಾಲೆಯ ಅಂಚಿಗೆ ಕ್ಷಣಮಾತ್ರ ತೋರಿಸಿದೆ. ಪಾಲಿಯೆಸ್ಟರ್ ಸ್ಯಾಟಿನ್ ಆದರೆ ಅಂಚು ಕರಗಿ ಗಟ್ಟಿಯಾಗುತ್ತದೆ; ಹತ್ತಿಯದಾದರೆ ಕರಗದೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಮೊದಲು ಒಂದು ಚೂರನ್ನು ಬೇರೆಯಾಗಿ ಕತ್ತರಿಸಿ ಪರೀಕ್ಷಿಸಬೇಕು.

ಅರಿಶಿನದ ಹಾಳೆಗಳು ಇನ್ನೂ ಎರಡು ನನ್ನ ಬಳಿ ಉಳಿದಿವೆ. ವೈಶಾಖದಲ್ಲಿ ನಮ್ಮ ಬೀದಿಯಲ್ಲೇ ಇನ್ನೊಂದು ಗೃಹಪ್ರವೇಶವಿದೆ. ಅದಕ್ಕೆ ಅವನ್ನೇ, ಈ ಬಾರಿ ಕುಂಕುಮಗೆಂಪಿನ ಅಡಿಯಲ್ಲಿ ಜರಿಯ ಗೆರೆಯನ್ನೂ ಸೇರಿಸಿ ಕಟ್ಟಬೇಕೆಂದಿದ್ದೇನೆ.